‘ರಶ್ ಇದೆ ಕಾಣಲ್ವಾ’ ಎಂದಿದ್ದಕ್ಕೆ ಅಕ್ಕ ಬರೆದ ಉತ್ತರ

ಶಿವಮೊಗ್ಗದಲ್ಲಿ ನನ್ನ ಅಕ್ಕ ಭಾವ ನಡೆಸುವ ತಿಂಡಿ ಹೋಟೆಲಿಗೆ ಈ ಭಾನುವಾರ ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ಸ್ಟಾರ್‌ನ ರಿವ್ಯೂ ಬಂತು. ಜೊತೆಗೆ ಒಂದು ಫೋಟೋ. ತಟ್ಟೆಯಲ್ಲಿ ಅರ್ಧ ತಿಂದು ಬಿಟ್ಟ ಮಸಾಲೆ ದೋಸೆ. ಬರೆದವರು ಹೇಳಿದ್ದು ನಾಲ್ಕು ಮಾತು. ದೋಸೆ ಹುಳಿ, ಮಗು ಬಾಯಿಗೇ ಇಡಲಿಲ್ಲ. ಒಂದು ಗಂಟೆ ಕಾಯಿಸಿದರು. ಕೇಳಿದರೆ ಸಪ್ಲೈಯರ್ ಹುಡುಗ "ರಶ್ ಇದೆ ಕಾಣಲ್ವಾ?" ಎಂದ. ಕೊನೆಗೆ ಬಿಲ್ಲಿಗೆ ಐದು ಪರ್ಸೆಂಟ್ ಸರ್ವೀಸ್ ಚಾರ್ಜ್ ಹಾಕಿ ಮೋಸ ಮಾಡಿದರು.

ಭಾವನಿಗೆ ಉರಿದುಹೋಯಿತು. ಅವರು ಕೆಟ್ಟವರಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಟೆಲ್ ತೆಗೆಯುವ ಮನುಷ್ಯ, ಆದರೆ ಊಟ ತಿಂಡಿ ವಿಷಯದಲ್ಲಿ ಒಂದು ಮಾತು ಕೇಳುವವರಲ್ಲ. ಕೂತಲ್ಲೇ ಮೊಬೈಲಿನಲ್ಲಿ ಬರೆದರು: "ನಿಮ್ಮನ್ನು ಯಾರು ಕಳಿಸಿದ್ದಾರೆ ಅಂತ ನಮಗೆ ಗೊತ್ತು. ಇಪ್ಪತ್ತು ವರ್ಷದಿಂದ ಯಾರಿಗೂ ಹುಳಿ ಆಗದ ದೋಸೆ ನಿಮಗೊಬ್ಬರಿಗೇ ಹುಳಿ ಆಯ್ತಾ?" ಪೋಸ್ಟ್ ಮಾಡುವ ಮೊದಲು ಅಕ್ಕ ಫೋನ್ ಕಿತ್ತುಕೊಂಡಳು. "ರೀ, ಮೊದಲು ಬಿಲ್ ನೋಡೋಣ. ಆಮೇಲೆ ಬೇಕಾದರೆ ಜಗಳ ಆಡಿ," ಎಂದಳು. ಈ ಮಾತು ವಾರವಿಡೀ ನನ್ನ ತಲೆಯಲ್ಲಿ ತಿರುಗುತ್ತಿದೆ. ಅವಳು "ಶಾಂತವಾಗಿ ಬರೆಯಿರಿ" ಎನ್ನಲಿಲ್ಲ. ಬಿಲ್ ನೋಡೋಣ ಎಂದಳು.

ನೋಡಿದರು. ಆರ್ಡರ್ ಚೀಟಿ 10.08ಕ್ಕೆ ಅಡುಗೆಮನೆಗೆ ಹೋಗಿದೆ, ಬಿಲ್ ಆಗಿದ್ದು 10.52ಕ್ಕೆ. ನಡುವೆ 44 ನಿಮಿಷ, ಅದರಲ್ಲೇ ತಿಂದಿದ್ದೂ ಸೇರಿದೆ. ಅರ್ಧ ತಿಂದು ಎದ್ದಿದ್ದಾರೆ, ಅಂದರೆ ಕಾದಿದ್ದು ಅರ್ಧ ಗಂಟೆಗೆ ಕಡಿಮೆ ಇರಲಾರದು. ಆ ದಿನ ಎರಡು ಕಾವಲಿಯಲ್ಲಿ ಒಂದರ ಬರ್ನರ್ ಕೈಕೊಟ್ಟಿತ್ತು. ಭಾನುವಾರ, ಒಂದೇ ಕಾವಲಿ, ಹತ್ತು ಗಂಟೆ. ಗಲ್ಲಾದಲ್ಲಿ ಕೂತ ಭಾವನಿಗೆ ಇದು ಗೊತ್ತಿತ್ತು, ಟೇಬಲ್ಲಿನಲ್ಲಿ ಕೂತವರಿಗೆ ಯಾರೂ ಹೇಳಿರಲಿಲ್ಲ.

ದೋಸೆ ವಿಷಯಕ್ಕೆ ಅಕ್ಕ ಭಟ್ಟರನ್ನು ಕರೆದು ಫೋಟೋ ತೋರಿಸಿದಳು. ಅವರು ಒಂದು ಸಲ ನೋಡಿ, "ಬಣ್ಣ ಬಂದಿಲ್ಲ ನೋಡಿ ಅಮ್ಮ, ಹಿಟ್ಟು ಹುಳಿ ಬಂದಿತ್ತು," ಎಂದರು. ನನಗೆ ಇದು ಹೊಸದು. ಹಿಟ್ಟು ಹುದುಗುವಾಗ ಅದರಲ್ಲಿರುವ ಸಕ್ಕರೆ ಅಂಶ ಖರ್ಚಾಗುತ್ತಾ ಹೋಗುತ್ತದಂತೆ. ದೋಸೆ ಕೆಂಪಗಾಗಲು ಆ ಸಕ್ಕರೆಯೂ ಬೇಕು. ಜಾಸ್ತಿ ಹುದುಗಿದರೆ ರುಚಿ ಹುಳಿಯಾಗುತ್ತದೆ, ದೋಸೆ ಎಷ್ಟು ಹೊತ್ತು ಬಿಟ್ಟರೂ ಪೇಲವವಾಗಿಯೇ ಇರುತ್ತದೆ. ಭಾವ ಆ ಫೋಟೋದಲ್ಲಿ ಅವಮಾನ ನೋಡಿದ್ದರು, ಭಟ್ಟರು ಹಿಟ್ಟನ್ನು ನೋಡಿದರು.

ಕಾರಣವೂ ಸರಳ. ಹಿಟ್ಟು ರುಬ್ಬುವುದು ಹಿಂದಿನ ಸಂಜೆ, ಉಪ್ಪು ಹಾಕಿ ದೊಡ್ಡ ಸ್ಟೀಲ್ ಡ್ರಮ್ಮಿನಲ್ಲಿ ಹೊರಗೇ ಇಡುತ್ತಾರೆ. ಚಳಿಗಾಲದಲ್ಲಿ ಬೆಳಗ್ಗೆ ಆರಕ್ಕೆ ಸರಿಯಾಗಿ ಉಬ್ಬುವ ಹಿಟ್ಟು, ಈ ಸೆಕೆಯಲ್ಲಿ ನಡುರಾತ್ರಿಗೇ ಉಬ್ಬಿ ನಿಂತಿರುತ್ತದೆ. ಬೆಳಗ್ಗೆ ಆರರ ದೋಸೆ ಚೆನ್ನಾಗಿಯೇ ಇರುತ್ತದೆ. ಡ್ರಮ್ಮಿನ ತಳದ ಹಿಟ್ಟು ಹತ್ತು ಗಂಟೆಯವರೆಗೆ ಕಾವಲಿಯ ಪಕ್ಕದಲ್ಲೇ ಬಿಸಿಗೆ ಕೂತಿರುತ್ತದಲ್ಲ, ಅದು ಕೆಡುತ್ತದೆ. ಅದಕ್ಕೇ ಏಳು ಗಂಟೆಗೆ ಬರುವ ಹಳೇ ಗಿರಾಕಿಗಳು ಒಬ್ಬರೂ ದೂರು ಹೇಳಿರಲಿಲ್ಲ. ಭಾವ ಹೇಳಿದ್ದೂ ಸುಳ್ಳಲ್ಲ, ರಿವ್ಯೂ ಬರೆದವರದ್ದೂ ಸುಳ್ಳಲ್ಲ. ಇಬ್ಬರೂ ತಿಂದಿದ್ದು ಬೇರೆ ಬೇರೆ ಹೊತ್ತಿನ ದೋಸೆ.

ಆ ರಾತ್ರಿಯಿಂದಲೇ ಬದಲಾಯಿಸಿದರು. ಒಂಬತ್ತರ ನಂತರ ಬೇಕಾಗುವ ಹಿಟ್ಟನ್ನು ಉಬ್ಬಿದ ಕೂಡಲೇ ಬೇರೆ ತೆಗೆದು ಫ್ರಿಜ್ಜಿಗೆ ಇಡುವುದು. ಡ್ರಮ್ಮನ್ನು ಹಾಗೇ ಇಟ್ಟರೆ ಆಗುವುದಿಲ್ಲ ಎಂದು ಭಟ್ಟರು ಹೇಳಿದರು. ದೊಡ್ಡ ಪಾತ್ರೆಯ ನಡುಭಾಗ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಅಷ್ಟು ಹೊತ್ತೂ ಒಳಗೆ ಹುಳಿ ಬರುತ್ತಲೇ ಇರುತ್ತದೆ. ಹಾಗಾಗಿ ಚಿಕ್ಕ ಚಿಕ್ಕ ಪಾತ್ರೆಗಳಿಗೆ ಹಂಚಿ ಇಡುತ್ತಾರೆ. ಸೋಡಾ ಹಾಕಿ ಹುಳಿ ಮುಚ್ಚುವ ಉಪಾಯವೂ ಬಂತು, ಅಕ್ಕ ಬೇಡವೆಂದಳು.

ಇಷ್ಟೆಲ್ಲ ಆದ ಮೇಲೆ ಸೋಮವಾರ ರಾತ್ರಿ ಅವಳು ಬರೆದ ಉತ್ತರ ಇದು:

"ನಮಸ್ಕಾರ. ಭಾನುವಾರ ನಿಮಗೆ ಕೊಟ್ಟ ದೋಸೆ ಹುಳಿಯಾಗಿತ್ತು, ನೀವು ಹೇಳಿದ್ದು ಸರಿ. ಸೆಕೆಗೆ ಹಿಟ್ಟು ಹುಳಿ ಬಂದಿದ್ದನ್ನು ನಾವು ಗಮನಿಸಿ ದೋಸೆ ನಿಲ್ಲಿಸಬೇಕಿತ್ತು. ಈಗ ತಡವಾಗಿ ಬಳಸುವ ಹಿಟ್ಟನ್ನು ಫ್ರಿಜ್‌ನಲ್ಲಿ ಬೇರೆ ಇಡುತ್ತಿದ್ದೇವೆ. ನೀವು ತುಂಬಾ ಹೊತ್ತು ಕಾದಿರಿ. ನಮ್ಮ ಒಂದು ಕಾವಲಿ ಕೆಟ್ಟಿತ್ತು, ಆರ್ಡರ್ ತೆಗೆದುಕೊಳ್ಳುವಾಗಲೇ ಅದನ್ನು ಹೇಳಬೇಕಿತ್ತು. ಅದು ರಿಪೇರಿ ಆಗುವವರೆಗೆ ತಡವಾಗುತ್ತದೆ ಎಂದು ಬಾಗಿಲಲ್ಲೇ ಬೋರ್ಡ್ ಇಡುತ್ತೇವೆ. ನೀವು ಕೇಳಿದಾಗ ನಮ್ಮ ಕಡೆಯಿಂದ ಬಂದ ಮಾತು ತಪ್ಪು, ಅದಕ್ಕೆ ಕ್ಷಮೆ ಕೇಳುತ್ತೇನೆ. ಬಿಲ್ಲಿನಲ್ಲಿರುವ ಶೇ 5 ಜಿಎಸ್‌ಟಿ. ನಾವು ಸರ್ವೀಸ್ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಮಗು ಹಸಿದುಕೊಂಡೇ ಹೋಗಿದ್ದಕ್ಕೆ ನಮಗೆ ತುಂಬಾ ಬೇಸರವಾಗಿದೆ. ಮಾತಾಡಬೇಕು ಅನಿಸಿದರೆ ಬೆಳಗ್ಗೆ ಹೊತ್ತು ನಾನು ಗಲ್ಲಾದಲ್ಲೇ ಇರುತ್ತೇನೆ."

ಇದನ್ನು ನಾನು ಮತ್ತೆ ಮತ್ತೆ ಓದಿದೆ. "ನಿಮಗೆ ಹಾಗೆ ಅನಿಸಿದ್ದರೆ ಕ್ಷಮಿಸಿ" ಎಂಬ ಮಾತು ಇದರಲ್ಲಿ ಎಲ್ಲೂ ಇಲ್ಲ. ನಾವೆಲ್ಲ ನೋಡುವ ಹೋಟೆಲ್ ಉತ್ತರಗಳು ಹೇಗಿರುತ್ತವೆ ಹೇಳಿ. ನಿಮ್ಮ ಅನಿಸಿಕೆಗೆ ಧನ್ಯವಾದ, ಅನಾನುಕೂಲಕ್ಕೆ ವಿಷಾದಿಸುತ್ತೇವೆ, ದಯವಿಟ್ಟು ಈ ಮೇಲ್‌ಗೆ ಬರೆಯಿರಿ. ಹುಳಿ ದೋಸೆಗೂ ಅದೇ, ಸಾಂಬಾರಿನಲ್ಲಿ ಕೂದಲು ಸಿಕ್ಕರೂ ಅದೇ. ನಯವಾಗಿ ಬರೆದಿರುತ್ತಾರೆ, ಆದರೆ ದೂರನ್ನು ಯಾರೋ ಓದಿದ್ದಾರೆ ಅಂತಲೇ ಅನಿಸುವುದಿಲ್ಲ. ನನಗೆ ಆ ನಯಕ್ಕಿಂತ ಭಾವನ ಸಿಟ್ಟೇ ಎಷ್ಟೋ ಮೇಲು, ಅವರು ಕೊನೇಪಕ್ಷ ಓದಿದ್ದರು.

ಅಕ್ಕ ಭಾವ ಜಾಸ್ತಿ ವಾದ ಮಾಡಿದ್ದು ಎರಡು ಕಡೆ. ಮೊದಲನೆಯದು ಆ ಒಂದು ಗಂಟೆ. "ಒಂದು ಗಂಟೆ ಅಲ್ಲ, 44 ನಿಮಿಷ ಅಂತ ಬರಿ. ಚೀಟಿ ಇದೆಯಲ್ಲ?" ಎಂದರು ಭಾವ. ಅಕ್ಕ ಒಪ್ಪಲಿಲ್ಲ. ಹಸಿದ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡವರಿಗೆ ನಿಮಿಷ ಎಣಿಸಿ ತೋರಿಸಿದರೆ ನಾವು ಜಗಳಕ್ಕೆ ನಿಂತ ಹಾಗೆ ಕಾಣುತ್ತದೆ, ಕಾಯಿಸಿದ್ದು ಹೇಗೂ ಕಾಯಿಸಿದ್ದೇ, ಎಂದಳು. ಹಾಗಾಗಿ "ತುಂಬಾ ಹೊತ್ತು" ಎಂದು ಬರೆದಳು. ಆದರೆ ಸರ್ವೀಸ್ ಚಾರ್ಜ್ ಮಾತನ್ನು ಅವಳು ಬಿಡಲಿಲ್ಲ. ಅದು ಮೋಸದ ಆರೋಪ. ನಾಳೆ ಬರುವ ಇನ್ನೊಬ್ಬರು ಅದನ್ನು ಓದಿ ನಂಬಿದರೆ ತಪ್ಪು ತಿಳಿವಳಿಕೆ ಹಾಗೇ ಉಳಿಯುತ್ತದೆ. ಬಿಲ್ಲಿನಲ್ಲಿ ಸಿಜಿಎಸ್‌ಟಿ 2.5, ಎಸ್‌ಜಿಎಸ್‌ಟಿ 2.5 ಎಂದು ಎರಡು ಸಾಲು ಇರುತ್ತದೆ, ಮೇಲೆ ಹೋಟೆಲಿನ ಜಿಎಸ್‌ಟಿ ನಂಬರ್ ಇರುತ್ತದೆ, ಬೇಕಾದವರು ನೋಡಿಕೊಳ್ಳಬಹುದು. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನಲ್ಲಿರುವ ಹೋಟೆಲಾದರೆ ಗಿರಾಕಿಯಿಂದ ಈ ತೆರಿಗೆ ವಸೂಲಿ ಮಾಡುವ ಹಾಗೇ ಇಲ್ಲ, ಆಗ ಆ ಗಿರಾಕಿಯ ಅನುಮಾನ ಸರಿಯೇ ಆಗುತ್ತಿತ್ತು. ಅದಕ್ಕೇ ಅಕ್ಕ ಬೈಯಲಿಲ್ಲ, ಇದ್ದದ್ದನ್ನು ಹೇಳಿ ಮುಂದೆ ಹೋದಳು. ಅದನ್ನೂ ಮೊದಲೇ ಹೇಳಲಿಲ್ಲ. ಒಪ್ಪಬೇಕಾದ ಮೂರನ್ನು ಒಪ್ಪಿದ ಮೇಲೆ ಹೇಳಿದಳು. ಮೊದಲ ಸಾಲೇ ಜಿಎಸ್‌ಟಿ ಆಗಿದ್ದರೆ ಉಳಿದದ್ದನ್ನು ಯಾರು ನಂಬುತ್ತಿದ್ದರು?

ಎರಡನೆಯದು ಆ ಹುಡುಗ. ರಿವ್ಯೂನಲ್ಲಿ ಅವನ ಅಂಗಿಯ ಬಣ್ಣ ಕೂಡ ಬರೆದಿದ್ದರು. "ಆ ಹುಡುಗನನ್ನು ತೆಗೆದುಹಾಕಿದ್ದೇವೆ ಅಂತ ಹಾಕು, ಅವರಿಗೂ ಸಮಾಧಾನ ಆಗುತ್ತೆ," ಎಂದರು ಭಾವ. ತೆಗೆಯುವ ಉದ್ದೇಶ ಅವರಿಗೂ ಇರಲಿಲ್ಲ! ಆ ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿಲ್ಲ, ಬೆಳಗ್ಗೆ ಐದರಿಂದ ನಿಂತೇ ಇದ್ದ, ಕಾವಲಿ ಕೆಟ್ಟಿದ್ದಕ್ಕೆ ಎಲ್ಲ ಟೇಬಲ್ಲಿನಿಂದ ಅವನೇ ಬೈಸಿಕೊಂಡಿದ್ದ. ಹಾಗಂತ ಅವನ ಮಾತು ಸರಿಯೇ? ಅಲ್ಲ. ಅಕ್ಕ ಅದನ್ನು ಒಳಗೆ ಅವನಿಗೆ ಹೇಳಿದಳು. ಹೊರಗೆ "ನಮ್ಮ ಕಡೆಯಿಂದ ಬಂದ ಮಾತು" ಎಂದು ಬರೆದಳು. "ರಶ್ ಇದೆ ಕಾಣಲ್ವಾ" ಎಂಬುದು ನಿಜಕ್ಕೂ ಗಲ್ಲಾದವರು ಆಡಬೇಕಿದ್ದ ಮಾತು, ಬೇರೆ ರೀತಿಯಲ್ಲಿ, ಮೊದಲೇ. ರಶ್ ಇದೆ, ಒಂದು ಕಾವಲಿ ಕೆಟ್ಟಿದೆ, ದೋಸೆಗೆ ಅರ್ಧ ಗಂಟೆ ಆಗುತ್ತೆ, ಇಡ್ಲಿ ಈಗಲೇ ಇದೆ, ಮಗುವಿಗೆ ಕೊಡಲಾ? ಇಷ್ಟು ಹೇಳಿದ್ದರೆ ಆ ರಿವ್ಯೂ ಬರುತ್ತಿತ್ತಾ ಎಂದು ನಾನು ಯೋಚಿಸುತ್ತಲೇ ಇದ್ದೇನೆ.

ಸುತ್ತಲಿನವರ ಸಲಹೆಗೂ ಕಡಿಮೆ ಇರಲಿಲ್ಲ. ಭಾವನ ಸ್ನೇಹಿತರೊಬ್ಬರು, ಎಲ್ಲದಕ್ಕೂ ಅಡ್ಡದಾರಿ ಗೊತ್ತಿರುವವರು, ರಿವ್ಯೂ ತೆಗೆದರೆ ಮನೆಯವರಿಗೆಲ್ಲ ಊಟ ಫ್ರೀ ಎಂದು ಮೆಸೇಜ್ ಹಾಕಿ ಎಂದರು. ಗೂಗಲ್ ಮ್ಯಾಪ್ಸ್ ನಿಯಮದಲ್ಲೇ ಅದಕ್ಕೆ ಅವಕಾಶವಿಲ್ಲ, ಏನಾದರೂ ಆಸೆ ತೋರಿಸಿ ರಿವ್ಯೂ ತೆಗೆಸುವುದು ಬದಲಾಯಿಸುವುದು ಮಾಡಬಾರದು. ನೆಂಟರಿಷ್ಟರಿಂದ ಐದೈದು ಸ್ಟಾರ್ ಹಾಕಿಸುವುದೂ ಅದೇ ಸಾಲಿಗೆ ಬರುತ್ತದೆ. ರಿಪೋರ್ಟ್ ಮಾಡಿ ತೆಗೆಸೋಣ ಎಂದರೆ, ಬೈಗುಳ, ಸುಳ್ಳು ಖಾತೆಯಂಥ ನಿಯಮ ಮೀರಿದ್ದೇನಾದರೂ ಇರಬೇಕು, ಹೋಟೆಲಿನವರಿಗೆ ಇಷ್ಟವಾಗಲಿಲ್ಲ ಎಂದು ತೆಗೆಯುವುದಿಲ್ಲ. ಬಿಲ್ಲಿನ ಜೊತೆ ಅವರ ಫೋನ್ ನಂಬರ್ ಇತ್ತು, ಫೋನ್ ಮಾಡಿಬಿಡೋಣ ಎಂದೂ ಒಬ್ಬರು ಹೇಳಿದರು. ಅಕ್ಕ ಗದರಿದಳು. ತಿಂಡಿ ಬಿಲ್ಲಿಗೆ ಕೊಟ್ಟ ನಂಬರಿಗೆ ದೂರು ಹೇಳಿದ್ದಕ್ಕೆ ಫೋನ್ ಬಂದರೆ ಯಾರಿಗಾದರೂ ಹೆದರಿಕೆ ಆಗುವುದಿಲ್ಲವೇ? ಮಾತಾಡುವುದು ಬಿಡುವುದು ಅವರಿಗೆ ಬಿಟ್ಟಿದ್ದು, ಅದಕ್ಕೇ ಗಲ್ಲಾದಲ್ಲಿ ಇರುತ್ತೇನೆ ಎಂದು ಬರೆದಳು.

ರಿವ್ಯೂ ಇನ್ನೂ ಅಲ್ಲೇ ಇದೆ, ಒಂದೇ ಸ್ಟಾರ್. ಅದನ್ನು ಬದಲಾಯಿಸಿ ಎಂದು ಅಕ್ಕ ಕೇಳಲೂ ಇಲ್ಲ. ಈಗ ಅವಳ ಚಿಂತೆ ಬೇರೆ. ಕಾವಲಿ ರಿಪೇರಿ ಆಗುವವರೆಗೆ ಬೋರ್ಡ್ ಇಡುತ್ತೇವೆ ಎಂದು ಎಲ್ಲರೂ ಓದುವ ಕಡೆ ಬರೆದಾಗಿದೆ, ಬರ್ನರ್ ರಿಪೇರಿಯವರು ಇವತ್ತು ನಾಳೆ ಎನ್ನುತ್ತಿದ್ದಾರೆ. ಭಾನುವಾರ ಬೆಳಗ್ಗೆ ಬೋರ್ಡ್ ಇಡುವುದನ್ನು ಯಾರೂ ಮರೆಯದ ಹಾಗೆ ಅದನ್ನು ಶಟರ್‌ಗೇ ಕಟ್ಟಿಟ್ಟಿದ್ದಾಳೆ. ರಿಪೇರಿ ಆದ ದಿನ ಅದೇ ಉತ್ತರವನ್ನು ತಿದ್ದಿ, ಎರಡೂ ಕಾವಲಿ ನಡೆಯುತ್ತಿದೆ ಎಂದು ಸೇರಿಸಬೇಕಂತೆ. ಭಾವ ಕೂಡ ಈಗ ದಿನಾ ಬೆಳಗ್ಗೆ ಹತ್ತು ಗಂಟೆಗೆ ಒಳಗೆ ಹೋಗಿ ಒಂದು ತುಂಡು ದೋಸೆ ತಿಂದು ನೋಡುತ್ತಾರೆ.