ಜೂನ್ 5ರ ಭಾಷಣ: ಏರಿ ಮೇಲೆ ಗಿಡ ಬೇಡ ಅಂತ ಮಕ್ಕಳಿಗೆ ಹೇಳೋದು ಹೇಗೆ?

ಮೇ 9

ನಮ್ಮೂರು ಹೊಸೂರಿನಿಂದ ತಳಿ ಕಡೆಗೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಆಫೀಸಿನಲ್ಲಿ ತಮಿಳು. ಮೂರು ವರ್ಷದಿಂದ ನನಗೊಂದು ಹುಚ್ಚು. ಭಾನುವಾರ ಬೆಳಿಗ್ಗೆ ಕೆರೆಗೆ ಹೋಗಿ ತೂಬಿನ ಕಲ್ಲುಕಂಬದ ಹತ್ತಿರ ನೀರು ಎಷ್ಟಿದೆ ಅಂತ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಇದು ಹೇಗೋ ಶಾಲೆಯ ಎಚ್‌ಎಂ ಮೇಡಂ ಕಿವಿಗೆ ಬಿದ್ದಿದೆ. ನಿನ್ನೆ ಫೋನ್ ಮಾಡಿ, "ಪರಿಸರ ದಿನಕ್ಕೆ ಕೆರೆ ಬಗ್ಗೆ ಐದು ನಿಮಿಷ ಮಾತಾಡಿ, ಮಕ್ಕಳಿಗೆ ಅರ್ಥ ಆಗೋ ಹಾಗೆ" ಅಂದರು. ಒಪ್ಪಿಕೊಂಡೆ.

ರಾತ್ರಿ ಕೂತು ಒಂದೇ ಏಟಿಗೆ ಎರಡು ಪುಟ ಬರೆದೆ. 1972ರ ಸ್ಟಾಕ್‌ಹೋಮ್ ಸಮ್ಮೇಳನ, ಮೊದಲ ಆಚರಣೆ, ಮರ ನೆಡಿ, ನೀರು ಉಳಿಸಿ. ಬೆಳಿಗ್ಗೆ ಓದಿದರೆ ಅದನ್ನು ಯಾವ ಊರಿನಲ್ಲಿ ಬೇಕಾದರೂ ಹೇಳಬಹುದು, ಕೆರೆಯೇ ಇಲ್ಲದ ಊರಿನಲ್ಲೂ! ಹರಿದು ಹಾಕಿದೆ.

ಮೇ 12

ಶಾಲೆಗೆ ಹೋಗಿ ಬಂದೆ. ಭಾಷಣ ಆದಮೇಲೆ ಮಕ್ಕಳ ಕೈಯಲ್ಲಿ 40 ಗಿಡ ನೆಡಿಸುವ ಕಾರ್ಯಕ್ರಮ ಇದೆಯಂತೆ. ಬಹುತೇಕ ಹೊಂಗೆ, ಸ್ವಲ್ಪ ನೇರಳೆ. ಎಲ್ಲಿ ಅಂದರೆ, ಏರಿಯ ಉದ್ದಕ್ಕೂ, ಹತ್ತು ಅಡಿಗೊಂದರಂತೆ. ಬಂದಿರುವ ಸುತ್ತೋಲೆಯಲ್ಲೇ 'ಏರಿಯಲ್ಲಿ ಗಿಡ ನೆಡುವುದು' ಅಂತಿದೆ ಎಂದು ಮೇಡಂ ತೋರಿಸಿದರು.

ಸುತ್ತೋಲೆ ತಮಿಳಿನಲ್ಲಿತ್ತು. ನನಗೆ ನಗು ಬಂತು. ತಮಿಳಿನಲ್ಲಿ ಏರಿ ಅಂದರೆ ಇಡೀ ಕೆರೆ. ನಾವು ಕನ್ನಡದಲ್ಲಿ ಏರಿ ಅನ್ನುವುದು ನೀರನ್ನು ತಡೆದು ನಿಲ್ಲಿಸಿದ ಮಣ್ಣಿನ ದಿಬ್ಬಕ್ಕೆ. ಅವರು ಅದನ್ನು ಕರೈ ಅನ್ನುತ್ತಾರೆ, ಅದು ನಮ್ಮ ಕಿವಿಗೆ ಕೆರೆ ಅಂತ ಕೇಳುತ್ತದೆ. ಎರಡೂ ಮಾತು ಅದಲು ಬದಲು. ಬರೆದವರು 'ಕೆರೆ ಹತ್ತಿರ ನೆಡಿ' ಅಂದಿದ್ದಾರೆ, ನಾವು 'ದಿಬ್ಬದ ಮೇಲೆ ನೆಡಿ' ಅಂತ ಓದಿಕೊಂಡಿದ್ದೇವೆ. ಗಡಿಯಲ್ಲಿ ಇಂಥದ್ದು ದಿನಾ ಆಗುತ್ತೆ ಬಿಡಿ. ಆದರೆ ಈ ಸಲ ತಪ್ಪು ಓದಿದರೆ ಏರಿಗೇ ಪೆಟ್ಟು.

ಮೇ 13

ಇದು ನನ್ನೊಬ್ಬನ ಅನುಮಾನವೋ ಏನೋ ಅಂತ ನೀರಗಂಟಿ ತಾತನನ್ನು ಕರೆದುಕೊಂಡು ಏರಿ ಮೇಲೆ ಒಂದು ಸುತ್ತು ಹೋದೆ. ಅವರಿಗೆ ಎಂಬತ್ತು ದಾಟಿದೆ, ತೂಬು ಎತ್ತುವ ಕೆಲಸ ಬಿಟ್ಟು ಬಹಳ ವರ್ಷ ಆಯಿತು. ಆದರೂ ಏರಿಯ ಪ್ರತಿ ಮೊಳವೂ ಗೊತ್ತು.

ತಾತ ಒಂದು ಜಾಗದಲ್ಲಿ ನಿಂತು ಕೋಲಿನಿಂದ ತೋರಿಸಿದರು. ಅಲ್ಲಿ ಹಿಂದೆ ದೊಡ್ಡ ಮರ ಇತ್ತಂತೆ. ಯಾರೋ ಕಡಿದುಕೊಂಡು ಹೋದರು, ಬೇರು ಒಳಗೇ ಉಳಿಯಿತು. "ಬೇರು ಬದುಕಿರೋ ತನಕ ಏನೂ ಇಲ್ಲ ಮಗಾ. ಸತ್ತು ಕೊಳೀತು ಅಂದ್ರೆ ಒಳಗೆ ಕೊಳವೆ ಆಗ್ತದೆ. ನೀರಿಗೆ ದಾರಿ ತೋರಿಸಿಕೊಟ್ಟ ಹಾಗೆ." ಕೆರೆ ತುಂಬಿದ ವರ್ಷ ಏರಿಯ ಹಿಂಬದಿಯಲ್ಲಿ, ಗದ್ದೆ ಕಡೆ ಬುಡದಲ್ಲಿ, ಅಲ್ಲೇ ಒಸರು ಕಾಣಿಸಿತಂತೆ.

ಒಸರು ಕಂಡಾಗ ಏನು ನೋಡಬೇಕು ಅಂತ ಕೇಳಿದೆ. ತಿಳಿನೀರು ಬಂದರೆ ಹೆದರಬೇಡ, ಆದರೆ ದಿನಾ ನೋಡುತ್ತಿರು ಅಂದರು. ಮಣ್ಣು ಕಲೆತ ಕೆಂಪು ನೀರು ಬಂತೋ, ಏರಿ ಒಳಗಿಂದ ಕರಗುತ್ತಿದೆ ಅಂತ ಅರ್ಥ. ಆಗ ಹೊತ್ತು ನೋಡದೆ ಊರನ್ನು ಎಬ್ಬಿಸಬೇಕು. ಮಣ್ಣಿನ ಅಣೆಕಟ್ಟಿನ ಎಂಜಿನಿಯರುಗಳು ಹೇಳುವುದೂ ಇದನ್ನೇ. ಜೊತೆಗೆ ಅವರು ಇನ್ನೊಂದು ಮಾತು ಹೇಳುತ್ತಾರೆ. ಬಿರುಗಾಳಿಗೆ ದೊಡ್ಡ ಮರ ಬುಡಸಮೇತ ಉರುಳಿದರೆ ಬೇರಿನ ಜೊತೆ ಏರಿಯ ಒಂದು ತುಂಡೂ ಎದ್ದು ಬರುತ್ತದೆ. ಅದಕ್ಕೇ ಮಣ್ಣಿನ ಏರಿ ಮೇಲೆ ಹುಲ್ಲು ಸಾಕು, ದೊಡ್ಡ ಮರವನ್ನು ಹಿಂಬದಿ ಬುಡದಿಂದಲೂ ಸಾಕಷ್ಟು ದೂರ ಇಡಬೇಕು ಅಂತ ಲೆಕ್ಕ. ನಮ್ಮೂರಲ್ಲಿ ಬುಡ ಮುಗಿದ ತಕ್ಷಣ ಗದ್ದೆ ಶುರು, ಅಲ್ಲಿ ಗಿಡಕ್ಕೆ ಜಾಗವೇ ಇಲ್ಲ.

ಹಾಗಾದರೆ ಏರಿ ಮೇಲೆ ಈಗಾಗಲೇ ಇರುವ ನಾಲ್ಕು ಹೊಂಗೆ ಮರ? ಕಡಿಸಿಬಿಡೋಣ ಅಂತ ಬಾಯಿಗೆ ಬಂದಿತ್ತು. ತಾತ ಬೈದರು. ಕಡಿದರೆ ಬೇರು ಸಾಯುತ್ತದೆ, ಸತ್ತರೆ ಅದೇ ಕೊಳವೆ. ಇರುವುದನ್ನು ಮುಟ್ಟಬಾರದು, ಹೊಸದು ನೆಡಬಾರದು, ಅಷ್ಟೇ. ಪರಿಸರ ದಿನದ ಭಾಷಣದಲ್ಲಿ 'ಇಲ್ಲಿ ಗಿಡ ನೆಡಬೇಡಿ' ಅನ್ನುವುದು ಹೇಗಪ್ಪಾ ಅಂತ ಮನೆವರೆಗೂ ಯೋಚನೆ.

ಮೇ 18

ಏರಿ ಬೇಡ ಅಂದಮೇಲೆ ಎಲ್ಲಿ ಬೇಕು ಅನ್ನುವುದನ್ನೂ ಹೇಳಬೇಕಲ್ಲ. ಅದಕ್ಕೆ ಹೂಳಿನ ಲೆಕ್ಕ ಬೇಕಾಯಿತು.

ಕೆರೆ ಈಗ ಒಣಗಿದೆ, ತೂಬಿನ ಹತ್ತಿರ ಮಾತ್ರ ಕೆಸರು. ಏಳನೇ ಕ್ಲಾಸಿನ ಇಬ್ಬರು ಹುಡುಗರನ್ನು ಕರೆದುಕೊಂಡು ಮೂರು ಕಡೆ ಗುಂಡಿ ತೆಗೆದೆ. (ಏರಿಯ ಬುಡ ಬಿಟ್ಟು ಸಾಕಷ್ಟು ದೂರದಲ್ಲಿ. ಬುಡಕ್ಕೆ ಹತ್ತಿರ ಅಗೆದರೆ ಏರಿಗೇ ತೊಂದರೆ.) ಹೂಳು ಎಲ್ಲಿ ಮುಗಿಯಿತು ಅಂತ ತಿಳಿಯುವುದು ಸುಲಭ. ಮೇಲೆ ಕಪ್ಪು ಮೆತ್ತನೆ ಮಣ್ಣು ಬರುತ್ತಾ ಇರುತ್ತದೆ, ಒಮ್ಮೆಗೇ ಸನಿಕೆ 'ಠಣ್' ಅನ್ನುತ್ತದೆ, ಗರಸು ಸಿಗುತ್ತದೆ. ಅದೇ ಹಳೆಯ ತಳ. ಏರಿ ಕಡೆಯ ಗುಂಡಿಯಲ್ಲಿ 3 ಅಡಿ ಹೂಳು, ನಡುವೆ ಒಂದೂವರೆ, ನೀರು ಬರುವ ಕಡೆ ಅಂಚಿನಲ್ಲಿ ಅರ್ಧ ಅಡಿ.

ಮೂರರ ಸರಾಸರಿ ಒಂದೂಮುಕ್ಕಾಲಿಗೆ ಹತ್ತಿರ, ನಾನು ಕಮ್ಮಿಯೇ ಇರಲಿ ಅಂತ ಒಂದೂವರೆ ಹಿಡಿದೆ. ಕೆರೆ 6 ಎಕರೆ. ಎಕರೆಗೆ 43,560 ಚದರ ಅಡಿ. ಗುಣಿಸಿದರೆ ಸುಮಾರು 3,92,000 ಘನ ಅಡಿ ಹೂಳು. ಒಂದು ಘನ ಅಡಿಗೆ 28 ಲೀಟರ್ ಅಂದರೆ ಸುಮಾರು 1 ಕೋಟಿ 10 ಲಕ್ಷ ಲೀಟರ್. ಅಷ್ಟು ನೀರಿನ ಜಾಗದಲ್ಲಿ ಮಣ್ಣು ಕೂತಿದೆ.

ಕೋಟಿ ಅಂದರೆ ಮಕ್ಕಳಿಗೆ ಏನೂ ಕಾಣಿಸಲ್ಲ. 15 ಲೀಟರ್ ಬಿಂದಿಗೆಗೆ ಇಳಿಸಿದೆ: 7 ಲಕ್ಷ 30 ಸಾವಿರ ಬಿಂದಿಗೆ. ಊರಲ್ಲಿ ನೂರು ಮನೆ, ಮನೆಗೆ ದಿನಕ್ಕೆ 20 ಬಿಂದಿಗೆ ಅಂತ ಹಾಕಿದರೆ ಸರಿಯಾಗಿ 365 ದಿನ! ಬೇಕಂತ ಕೂಡಿಸಿದ್ದಲ್ಲ, ಹಾಗೇ ಬಂತು. ಆ ನೀರೆಲ್ಲ ಬಿಂದಿಗೆಗೇ ಬರುತ್ತಿರಲಿಲ್ಲ ಅನ್ನುವುದು ನಿಜ, ಬಿಸಿಲಿಗೆ ಆರುತ್ತದೆ, ನೆಲಕ್ಕೂ ಇಳಿಯುತ್ತದೆ. ಮೂರು ಗುಂಡಿಯ ಲೆಕ್ಕ ಅಂದಾಜು ಮಾತ್ರ ಅಂತಲೂ ಹೇಳಬೇಕು.

ಗುಂಡಿ ತೆಗೆದ ಹುಡುಗನೇ ಕೇಳಿದ, "ಅಣ್ಣ, ಈ ಮಣ್ಣು ಎಲ್ಲಿಂದ ಬಂತು?" ಇಬ್ಬರನ್ನೂ ಕಾಲುವೆ ಹಿಡಿದು ಮೇಲಕ್ಕೆ ಕರೆದುಕೊಂಡು ಹೋದೆ. ಮೊದಲು ಕಾಲುವೆ ಎರಡೂ ಕಡೆ ಲಕ್ಕಿ, ಹೊಂಗೆ, ತಂಗಡಿ ಪೊದೆ ಇತ್ತು. ಈಗ ಹೊಲ ಕಾಲುವೆಯ ಅಂಚಿಗೇ ಬಂದಿದೆ. ಜೋರು ಮಳೆಗೆ ಹೊಲದ ಮಣ್ಣು ನೇರವಾಗಿ ಇಳಿಯುತ್ತದೆ. ಪೊದೆ, ಹುಲ್ಲು ಇದ್ದರೆ ನೀರಿನ ಓಟ ನಿಧಾನ ಆಗಿ ಮಣ್ಣು ಅಲ್ಲಲ್ಲೇ ಕೂರುತ್ತಿತ್ತು.

ಅಲ್ಲಿಗೆ ಜಾಗ ಸಿಕ್ಕಿತು. ಗಿಡ ಬೇಕಾಗಿರುವುದು ನೀರು ನಿಲ್ಲುವ ಕಡೆ ಅಲ್ಲ, ನೀರು ಬರುವ ಕಡೆ.

ಮೇ 24

ಜಾಲಿ ಬಗ್ಗೆ ಒಂದು ಮಾತು ಹಾಕಲೇಬೇಕು, ಯಾಕೆಂದರೆ ಅಲ್ಲೂ ಮಾತಿನ ಗೊಂದಲವೇ ಮರ ತಿಂದಿದೆ. ಎರಡು ವರ್ಷದ ಹಿಂದೆ ಕೆರೆಯ ಸೀಮೆ ಜಾಲಿ ತೆಗೆಯಲು ಜೆಸಿಬಿ ಬಂತು. ತಮಿಳಿನಲ್ಲಿ ಅದು ಸೀಮೈ ಕರುವೇಲಮ್, ನಮ್ಮ ಕರಿಜಾಲಿ ಬರೀ ಕರುವೇಲಮ್. ಮುಂದಿನ 'ಸೀಮೈ' ಎಲ್ಲಿ ಬಿದ್ದುಹೋಯಿತೋ ಗೊತ್ತಿಲ್ಲ, ಎರಡೂ ಹೋದವು. ಬೆಳ್ಳಕ್ಕಿ ಗೂಡು ಕಟ್ಟುತ್ತಿದ್ದ ಹನ್ನೊಂದು ಕರಿಜಾಲಿಯಲ್ಲಿ ಉಳಿದಿದ್ದು ಎರಡು.

ಕರಿಜಾಲಿಗೆ ಬುಡದಲ್ಲಿ ತಿಂಗಳುಗಟ್ಟಲೆ ನೀರು ನಿಂತರೂ ಸಾಯದ ಗುಣ ಇದೆ. ತಮಿಳುನಾಡಿನ ಅರಣ್ಯ ಇಲಾಖೆ ಕೆರೆಯಂಗಳಗಳಲ್ಲಿ ಅದನ್ನೇ ಬೆಳೆಸಿದ್ದು ಅದಕ್ಕೇ. ಸೀಮೆ ಜಾಲಿ ಹೊರಗಿನಿಂದ ಬಂದಿದ್ದು. ಕಾಯಿ ಸಿಹಿ, ಮೇಕೆ ತಿನ್ನುತ್ತದೆ, ಹಿಕ್ಕೆಯಲ್ಲಿ ಬೀಜ ಊರೆಲ್ಲ ಸುತ್ತುತ್ತದೆ. ಬರೀ ಕಡಿದರೆ ಬುಡದಿಂದ ಹತ್ತು ಕವಲು ಒಡೆಯುತ್ತದೆ, ಬೇರುಸಮೇತ ಕೀಳಬೇಕು.

ಗುರುತು ಹಿಡಿಯುವುದನ್ನು ಮಕ್ಕಳಿಗೆ ಹೇಗೆ ಹೇಳಲಿ ಅಂತ ಎರಡರ ಕಾಯಿಯನ್ನೂ ಆಯ್ದುಕೊಂಡು ಬಂದೆ. ಕರಿಜಾಲಿ ಕಾಯಿ ಮಣಿಸರದ ಹಾಗೆ, ಬೀಜ ಬೀಜದ ನಡುವೆ ಹಿಸುಕಿದಂತೆ ಇರುತ್ತದೆ, ಮೇಲೆ ಬೂದುಬಣ್ಣದ ನವಿರು. ಸೀಮೆ ಜಾಲಿಯದು ನುಣ್ಣಗೆ, ಹಣ್ಣಾದಾಗ ಹಳದಿ, ಹುರುಳಿಕಾಯಿ ಥರ ಉದ್ದ. ಹೂವು ನೋಡಿದರೂ ಗೊತ್ತಾಗುತ್ತದೆ: ಕರಿಜಾಲಿಗೆ ಹಳದಿ ಗುಂಡು, ಇದಕ್ಕೆ ಬೆರಳುದ್ದದ ಕುಚ್ಚು. ಕಾಯಿಗಳನ್ನೇ ಭಾಷಣಕ್ಕೆ ತೆಗೆದುಕೊಂಡು ಹೋಗುತ್ತೇನೆ.

ಮೇ 30

ಅಕ್ಕನ ಮಗಳ ಮುಂದೆ ಓದಿದೆ. ಒಂಬತ್ತು ನಿಮಿಷ. "ಮಾವ, ಸ್ಟಾಕ್‌ಹೋಮ್ ಬಂದಾಗ ನಂಗೆ ನಿದ್ದೆ ಬಂತು, ಬಿಂದಿಗೆ ಬಂದಾಗ ಎದ್ದೆ" ಅಂದಳು. ಸ್ಟಾಕ್‌ಹೋಮ್ ಒಂದೇ ಸಾಲಿಗೆ ಇಳಿಯಿತು. ಎಕರೆ, ಘನ ಅಡಿ ಎಲ್ಲ ತೆಗೆದು ಬಿಂದಿಗೆ ಮಾತ್ರ ಉಳಿಸಿದೆ. ಈಗ ಶುರು ಹೀಗಿದೆ:

"ಮಕ್ಕಳೇ, ನಮ್ಮ ಕೆರೆ ಬಿಂದಿಗೆ ಲೆಕ್ಕದಲ್ಲಿ ಎಷ್ಟು ಮಣ್ಣು ಕುಡಿದಿದೆ ಗೊತ್ತಾ? ಏಳು ಲಕ್ಷ ಬಿಂದಿಗೆ. ಗುಂಡಿ ತೆಗೆದು ಅಳತೆ ಮಾಡಿದವರು ನಿಮ್ಮಲ್ಲೇ ಇಬ್ಬರು ಕೂತಿದ್ದಾರೆ, ಕೇಳಿ ನೋಡಿ."

ಜೂನ್ 2

ಭಾಷಣಕ್ಕಿಂತ ಕಷ್ಟದ ಕೆಲಸ ಇವತ್ತು ಆಯಿತು. ಏರಿ ಮೇಲೆ ಗುಂಡಿ ತೋಡಿಸಬೇಡಿ ಅಂತ ಮೇಡಂಗೆ ಹೇಳಬೇಕಿತ್ತು. ಸುತ್ತೋಲೆಯ 'ಏರಿ' ಅಂದರೆ ಕೆರೆ ಅಂತ ತೋರಿಸಿದ ಮೇಲೆ ಅವರೇ ನಕ್ಕರು. ಆಮೇಲೆ, "ಫೋಟೋಗೆ ಏರಿ ಚೆನ್ನಾಗಿರ್ತಿತ್ತು ಕಣ್ರೀ" ಅಂದರು. ಫೋಟೋ ಏರಿ ಮೇಲೆ, ಗಿಡ ಕಾಲುವೆ ಮೇಲೆ ಅಂತ ರಾಜಿ ಆಯಿತು.

ಕಾಲುವೆಗೆ 28 ಗಿಡ, ಕೆರೆಯ ಮೇಲಂಚಿಗೆ 12. ಅಂಚಿನವು ನೀರಲ್ಲಿ ಮುಳುಗಬಾರದು ಅಂತ ಅವಕ್ಕೆ ಮೊಣಕಾಲೆತ್ತರ ಮಣ್ಣು ಗುಡ್ಡೆ ಹಾಕಿ ಮೇಲೆ ನೆಡಬೇಕು. ನಮ್ಮ ಕಡೆ ಜಾಸ್ತಿ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಬೇರು ಹಿಡಿಯಲು ಮೂರು ತಿಂಗಳು ಸಿಗುತ್ತದೆ.

ಜೂನ್ 5

ಆರೂವರೆ ನಿಮಿಷ ಆಯಿತು. ಮೈಕ್ ಎರಡು ಸಲ ಕೈಕೊಟ್ಟಿತು. ಕಾಯಿ ಎತ್ತಿ ತೋರಿಸಿ ಯಾವುದು ಯಾವ ಜಾಲಿ ಅಂತ ಕೇಳಿದಾಗ ಮೇಕೆ ಮೇಯಿಸುವ ಮನೆಯ ಮಕ್ಕಳು ತಡವರಿಸಲೇ ಇಲ್ಲ, ಟೀಚರುಗಳು ತಡವರಿಸಿದರು.

ಮಕ್ಕಳು ಗಿಡ ನೆಟ್ಟು ಸುತ್ತಲೂ ಜಾಲಿ ಮುಳ್ಳು ಕಟ್ಟಿದರು, ಸೀಮೆ ಜಾಲಿದೇ. ಹೊಲದವರೊಬ್ಬರು ತಮ್ಮ ಬದುವಿನ ಹತ್ತಿರದ ಐದು ಗಿಡಕ್ಕೆ ತಕರಾರು ತೆಗೆದರು, ನೆರಳು ಬಿದ್ದು ರಾಗಿ ಬರಲ್ಲ ಅಂತ. ಅವರ ಮಾತಿನಲ್ಲೂ ನ್ಯಾಯ ಇದೆ. ಆ ಐದನ್ನು ಎದುರು ದಡಕ್ಕೆ ಸಾಗಿಸಿದೆವು, ಬದುವಿನ ಹತ್ತಿರ ಲಕ್ಕಿ ಕಡ್ಡಿ ಊರೋಣ ಅಂತ ಮಾತಾಯಿತು.

ಹೊರಡುವಾಗ ಗುಂಡಿ ತೆಗೆದ ಹುಡುಗ ಬಂದು, ಕೆರೆ ತುಂಬಿದರೆ ಏರಿ ಹಿಂದೆ ಒಸರು ನೋಡೋಕೆ ತಾನೂ ಬರ್ತೀನಿ ಅಂದ. ನೋಟ್‌ಬುಕ್ಕಿನಲ್ಲಿ ಅವನಿಗೊಂದು ಪುಟ ಬಿಟ್ಟಿದ್ದೇನೆ. ಎರಡು ಕಾಲಂ: ತಾರೀಖು, ನೀರಿನ ಬಣ್ಣ.