ಇಪ್ಪತ್ತನೆಯವನು ಗೇಟಿನೊಳಗೆ ಬಂದ ದಿನ

ಹುಬ್ಬಳ್ಳಿಯಲ್ಲಿ ಸಣ್ಣ ಮಷಿನ್ ಶಾಪ್‌ಗಳ ಲೆಕ್ಕಪತ್ರ, ಪಿಎಫ್ ಮತ್ತು ಕೆಲಸಗಾರರ ವಿಮೆಯಾದ ಇಎಸ್‌ಐ ಕೆಲಸ ಮಾಡುತ್ತೇನೆ. ಹತ್ತು ಜನ ಆದರೆ ಇಎಸ್‌ಐ, ಇಪ್ಪತ್ತು ಜನ ಆದರೆ ಪಿಎಫ್ ಎನ್ನುವುದು ಹೆಚ್ಚಿನ ಮಾಲೀಕರಿಗೆ ಗೊತ್ತು. 2025ರ ನವೆಂಬರ್‌ನಲ್ಲಿ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಬಂದ ಮೇಲೂ ಈ ಎರಡು ಸಂಖ್ಯೆ ಬದಲಾಗಿಲ್ಲ. ತೊಂದರೆ ಶುರುವಾಗುವುದು ಯಾರನ್ನು ಎಣಿಸಬೇಕು ಎನ್ನುವಲ್ಲಿ.

ಮಾಲೀಕರು ಸಾಮಾನ್ಯವಾಗಿ ಸಂಬಳದ ಪಟ್ಟಿ ನೋಡಿ ಎಣಿಸುತ್ತಾರೆ. ಕಾನೂನು ತಲೆ ಎಣಿಸುತ್ತದೆ. ಒಂದು ಶಾಪ್ ವಿಷಯ ಹೇಳುತ್ತೇನೆ. ಪಟ್ಟಿಯಲ್ಲಿ 17 ಜನ ಇದ್ದರು. ಜೂನ್‌ನಲ್ಲಿ ದೊಡ್ಡ ಆರ್ಡರ್ ಬಂತು. ಲೋಡಿಂಗ್‌ಗೆ, ಬರ್ ತೆಗೆಯೋಕೆ ಮೂವರು ಹುಡುಗರನ್ನು ಕಂಟ್ರಾಕ್ಟರ್ ಕಳಿಸಿದ. ಅವನ ಹತ್ತಿರ ಪಿಎಫ್ ಕೋಡ್ ಇರಲಿಲ್ಲ. ಅವರ ಕೂಲಿ 'ಲೇಬರ್ ಚಾರ್ಜ್' ಎಂದು ಬಿಲ್ಲಿನಲ್ಲಿ ಹೋಗುತ್ತಿತ್ತು, ಹಾಗಾಗಿ ಯಾರೂ ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಕಂಟ್ರಾಕ್ಟರ್ ಮೂಲಕ ಬಂದವರೂ ಎಣಿಕೆಗೆ ಸೇರುತ್ತಾರೆ. 17 ಮತ್ತು 3, ಅಲ್ಲಿಗೆ ಇಪ್ಪತ್ತಾಯಿತು. ವಿಷಯ ಹೊರಗೆ ಬಂದಿದ್ದು ಡಿಸೆಂಬರ್‌ನಲ್ಲಿ.

ದುಡ್ಡಿನ ಲೆಕ್ಕ ನೋಡೋಣ. ಸುಲಭವಾಗಲಿ ಎಂದು ಎಲ್ಲರಿಗೂ ಪಿಎಫ್ ಲೆಕ್ಕದ ಸಂಬಳ 14,800 ಎಂದು ಇಟ್ಟುಕೊಳ್ಳಿ. ಕೆಲಸಗಾರನ ಪಾಲು ನೂರಕ್ಕೆ 12, ಅಂದರೆ 1,776 ರೂಪಾಯಿ. ಮಾಲೀಕನದೂ ಅಷ್ಟೇ. ಅದರ ಮೇಲೆ ಇಡಿಎಲ್‌ಐ ವಿಮೆಗೆ ಅರ್ಧ ಪರ್ಸೆಂಟ್, ಆಡಳಿತ ಶುಲ್ಕ ಅರ್ಧ ಪರ್ಸೆಂಟ್. ಮಾಲೀಕನಿಗೆ ಒಟ್ಟು 1,924. ಸರಿಯಾದ ಸಮಯಕ್ಕೆ ಶುರು ಮಾಡಿದ್ದರೆ ಆರು ತಿಂಗಳಿಗೆ ಇಪ್ಪತ್ತು ಜನರಿಗೆ 2,30,880 ರೂಪಾಯಿ ಅವನ ಕೈಯಿಂದ ಹೋಗುತ್ತಿತ್ತು.

ಈಗ ಹೋಗುವುದು 4,44,000. ಯಾಕೆಂದರೆ ಕೆಲಸಗಾರನ ಪಾಲನ್ನು ಆಯಾ ತಿಂಗಳ ಸಂಬಳದಲ್ಲೇ ಹಿಡಿಯಬೇಕು. ಜೂನ್‌ನಲ್ಲಿ ಹಿಡಿಯದೆ ಬಿಟ್ಟಿದ್ದನ್ನು ಡಿಸೆಂಬರ್ ಸಂಬಳದಲ್ಲಿ ಕಡಿಯುವ ಹಾಗಿಲ್ಲ. ಎರಡೂ ಪಾಲು ಮಾಲೀಕನ ತಲೆ ಮೇಲೆ. ಜೊತೆಗೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ, ತಡವಾದ ಪ್ರತಿ ತಿಂಗಳಿಗೆ ನೂರಕ್ಕೆ ಒಂದರಂತೆ ದಂಡ. ನನ್ನ ಮಟ್ಟಿಗೆ ಇದು ನ್ಯಾಯವೇ. ದುಡಿದವನಿಗೆ ಆರು ತಿಂಗಳ ಪಿಎಫ್ ಸಿಗಬೇಕು, ಅದಕ್ಕೆ ಅವನ ಈಗಿನ ಸಂಬಳ ಖಾಲಿಯಾಗಬಾರದು.

ಇಂಥ ಹೊತ್ತಿನಲ್ಲಿ ಯಾರೋ ಬಂದು ಎರಡು ಉಪಾಯ ಹೇಳಿಯೇ ಹೇಳುತ್ತಾರೆ. ಮೂವರನ್ನು ವಾಪಸ್ ಕಳಿಸಿ ಎನ್ನುವುದು ಒಂದು. ಅದರಿಂದ ಏನೂ ಆಗದು. ಒಮ್ಮೆ ಅನ್ವಯವಾದರೆ ಜನ ಕಮ್ಮಿಯಾದರೂ ಪಿಎಫ್ ಮುಂದುವರಿಯುತ್ತದೆ, ಇಎಸ್‌ಐ ಕೂಡ ಹಾಗೇ. ಇನ್ನೊಂದು, ಹೆಂಡತಿ ಹೆಸರಲ್ಲಿ ಎರಡನೇ ಫರ್ಮ್ ಮಾಡಿ ಜನರನ್ನು ಹಂಚಿ ಎನ್ನುವುದು. ಒಂದೇ ಶೆಡ್, ಅದೇ ಮಷಿನ್, ಒಬ್ಬರದೇ ಉಸ್ತುವಾರಿ, ಎರಡರ ನಡುವೆ ದುಡ್ಡಿನ ಓಡಾಟ ಇದ್ದರೆ ಇಲಾಖೆ ಎರಡನ್ನೂ ಒಂದೇ ಸಂಸ್ಥೆ ಎಂದು ನೋಡುತ್ತದೆ. ಈ ಎರಡನ್ನೂ ನಾನು ಯಾರಿಗೂ ಮಾಡಿಕೊಡುವುದಿಲ್ಲ.

ಇಎಸ್‌ಐ ಇದಕ್ಕೂ ಮುಂಚೆ, ಹತ್ತನೆಯವನಿಗೇ ಬರುತ್ತದೆ. ಸಂಬಳ 21,000ದ ಒಳಗಿರುವವರಿಗೆ ಮಾಲೀಕ ನೂರಕ್ಕೆ 3.25, ಕೆಲಸಗಾರ 0.75 ಕಟ್ಟಬೇಕು. 14,800ಕ್ಕೆ ಅದು 481 ಮತ್ತು 111 ರೂಪಾಯಿ. 21,000 ದಾಟಿದವರಿಗೆ ವಂತಿಗೆ ಇಲ್ಲದಿದ್ದರೂ ಹತ್ತರ ಎಣಿಕೆಯಲ್ಲಿ ಅವರೂ ಇರುತ್ತಾರೆ. ಲೇತ್ ಮುಂದೆ ನಿಲ್ಲುವವನಿಗೆ ಇದು ಪಿಎಫ್‌ಗಿಂತ ತುರ್ತು. ಕಣ್ಣಿಗೆ ಚಿಪ್ ಸಿಡಿಯೋಕೆ ಸೇರಿ ಎಷ್ಟು ದಿನ ಆಯಿತು ಅನ್ನೋದು ಬೇಕಿಲ್ಲ. ಕೆಲಸದಲ್ಲಿ ಆದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತೂ ಇಲ್ಲ. ಅದಕ್ಕೇ ಸೇರಿದ ದಿನವೇ ಅವನ ಹೆಸರು ಪೋರ್ಟಲ್‌ನಲ್ಲಿ ಹಾಕಿಸುತ್ತೇನೆ. ಗಾಯವಾದ ಮೇಲೆ ಹೆಸರು ಹಾಕಿದರೆ ತನಿಖೆ, ಪ್ರಶ್ನೆ. ಹೆಸರೇ ಇಲ್ಲದಿದ್ದರೆ ಖರ್ಚೆಲ್ಲ ಮಾಲೀಕನ ಕುತ್ತಿಗೆಗೆ.

ಬಹಳ ಜನ ಮರೆಯುವುದು ಕೊಟೇಶನ್. ಪಿಎಫ್, ಇಎಸ್‌ಐ ಎರಡೂ ಸೇರಿದರೆ 14,800ರ ಕೆಲಸಗಾರನಿಗೆ ಮಾಲೀಕನ ಖರ್ಚು 17,205 ಆಗುತ್ತದೆ. ಜಾಬ್ ವರ್ಕ್ ರೇಟನ್ನು ಹಳೇ ಲೆಕ್ಕದಲ್ಲೇ ಒಪ್ಪಿಕೊಂಡಿದ್ದರೆ ವರ್ಷವಿಡೀ ಕೈಯಿಂದ ಹಾಕಬೇಕು. ಕೆಲಸಗಾರನಿಗೂ ಮೊದಲೇ ಹೇಳಬೇಕು. ಅವನ ಕೈಗೆ ಬರುವುದು 12,913. ಹೇಳದೆ ಕಡಿದರೆ ಮಾಲೀಕ ದುಡ್ಡು ಹೊಡೆದ ಅಂತಲೇ ತಿಳಿಯುತ್ತಾನೆ, ಅಲ್ವಾ?

ನಾನು ಪ್ರತಿ ತಿಂಗಳು ಮೂರು ಕಾಗದ ಒಟ್ಟಿಗೆ ಇಟ್ಟು ನೋಡುತ್ತೇನೆ. ಹಾಜರಿ ಪುಸ್ತಕ, ಕಂಟ್ರಾಕ್ಟರ್ ಬಿಲ್ಲು, ಗೇಟ್ ರಿಜಿಸ್ಟರ್. ಮೂರರಲ್ಲಿ ಯಾವುದರಲ್ಲಿದ್ದರೂ ಆ ಕೆಲಸಗಾರನನ್ನು ಒಮ್ಮೆ ಎಣಿಸಿದರೆ ನಿಜವಾದ ಸಂಖ್ಯೆ ಸಿಗುತ್ತದೆ. ಅದು 17, 18 ಮುಟ್ಟಿದ ಕೂಡಲೇ ಎಲ್ಲರ ಆಧಾರ್ ತರಿಸಿ ಹೆಸರು, ಹುಟ್ಟಿದ ತಾರೀಖು ಬ್ಯಾಂಕ್ ಖಾತೆಗೆ ಹೊಂದುತ್ತದೆಯಾ ನೋಡುತ್ತೇನೆ. ಹಳೇ ಕಂಪನಿಯಲ್ಲಿ ಕೊಟ್ಟ ಪಿಎಫ್ ನಂಬರ್, ಅಂದರೆ ಯುಎಎನ್ ಇದ್ದರೆ ಅದನ್ನೇ ಕೇಳಿ ಪಡೆಯುತ್ತೇನೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ತಿದ್ದಿಸೋಕೆ ವಾರಗಟ್ಟಲೆ ಹಿಡಿಯಬಹುದು, ಆದರೆ ದುಡ್ಡು ಕಟ್ಟೋಕೆ ಮುಂದಿನ ತಿಂಗಳ 15ನೇ ತಾರೀಖೇ ಕೊನೆ.