ಮುತ್ತಿನ ಸಾಲಿನ ಪಕ್ಕದಲ್ಲಿ ಶೇ 25

ಒಡವೆಯವರಿಗೆ ಕ್ಯಾಪ್ಷನ್ ಬರೆದುಕೊಡುವುದು ನನ್ನ ಕೆಲಸ. ಅವತ್ತು ಬಂದದ್ದು ಮುತ್ತಿನ ಸಂಗ್ರಹ, ಒಟ್ಟು ಒಂಬತ್ತು ಒಡವೆ. ಇಪ್ಪತ್ತು ಸೆಕೆಂಡಿನ ರೀಲ್‌ನಲ್ಲಿ ಮೊದಲು ಕಾಣುವುದು ದೊಡ್ಡ ಹಾರ. ಆಮೇಲೆ ಬಳೆ, ಉಂಗುರ, ಕೊನೆಗೆ ಒಂದು ಜೊತೆ ಪುಟ್ಟ ಓಲೆ. ವಿಡಿಯೊ ಎಷ್ಟು ಚೆನ್ನಾಗಿತ್ತೆಂದರೆ ಅದರ ಕೆಳಗೆ ಏನು ಬರೆದರೂ ಹೆಚ್ಚಾಯಿತೇನೋ ಅನ್ನಿಸುತ್ತಿತ್ತು.

ಯಜಮಾನಿ ಕಳಿಸಿದ್ದ ವಾಟ್ಸಾಪ್ ಸಂದೇಶ ಮಾತ್ರ ಬೇರೆಯೇ ಲೋಕದ್ದು. ಮೇಕಿಂಗ್ ಚಾರ್ಜ್ ಮೇಲೆ ಶೇ 25 ರಿಯಾಯಿತಿ, ಮುತ್ತಿಗೆ ರಿಯಾಯಿತಿ ಇಲ್ಲ, ಚಿನ್ನಕ್ಕೆ ಆ ದಿನದ ದರ, ಆರಂಭದ ಬೆಲೆ ಇಷ್ಟು, ಭಾನುವಾರದವರೆಗೆ ಮಾತ್ರ. ಇವೆಲ್ಲ ಮೊದಲ ಸಾಲಿನಲ್ಲೇ ಬರಬೇಕು ಎಂಬುದು ಅವರ ಆಸೆ. ಒಂದೂ ಬರಬಾರದು ಎಂಬುದು ನನ್ನದು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಹೀಗೊಂದು ಕ್ಯಾಪ್ಷನ್ ಹಾಕಿದೆವು:

"ಕೊರಳ ಬಳಿ ನಿಂತ ಬೆಳದಿಂಗಳು. ಮುತ್ತಿನ ಹೊಸ ಸಂಗ್ರಹಕ್ಕೆ ಶೇ 25 ರಿಯಾಯಿತಿ, ಭಾನುವಾರದವರೆಗೆ."

ಅದರ ಕೆಳಗೆ ಆರಂಭದ ಬೆಲೆ. ವಿಡಿಯೊದ ಕೊನೆಯ ದೃಶ್ಯದ ಮೇಲೂ ಶೇ 25 ಎಂದು ತೆಳುವಾದ ಅಕ್ಷರದಲ್ಲಿ ಕೂರಿಸಿದೆವು. 'ಮೇಕಿಂಗ್ ಚಾರ್ಜ್ ಮೇಲೆ' ಎಂಬ ಮಾತನ್ನು ತೆಗೆದವಳು ನಾನೇ. ಬೆಳದಿಂಗಳಿನ ಪಕ್ಕದಲ್ಲಿ ಅದು ಬಿಲ್ಲಿನ ಹಾಗೆ ಕಂಡಿತ್ತು. ವಿವರ ಕೇಳಿದವರಿಗೆ ಹೇಳಿದರಾಯಿತು ಅಂದುಕೊಂಡೆ.

ಸಂಜೆ ಯಜಮಾನಿಯ ಫೋನ್ ಬಂತು. ರೀಲ್ ನೋಡಿದ ಒಬ್ಬ ಹೆಂಗಸು ಮಗಳಿಗೆಂದು ಓಲೆ ಆರಿಸಿದ್ದರಂತೆ. ಬಿಲ್ ನೋಡಿ, "ಶೇ 25 ಅಂತ ಬರೆದಿದ್ದೀರಲ್ಲಮ್ಮ, ಇದರಲ್ಲಿ ಎಲ್ಲಿದೆ?" ಎಂದು ಕೇಳಿ, ಓಲೆಯನ್ನು ಮೆತ್ತಗೆ ವಾಪಸ್ ಇಟ್ಟು ಹೋದರಂತೆ. ಜಗಳವಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ಬಿಲ್ಲನ್ನು ತರಿಸಿಕೊಂಡು ಲೆಕ್ಕ ಹಾಕಿದೆ. ಓಲೆಯಲ್ಲಿದ್ದ ಚಿನ್ನದ ಬೆಲೆಯನ್ನು 100 ಎಂದಿಟ್ಟುಕೊಳ್ಳಿ. ಮೇಕಿಂಗ್ ಚಾರ್ಜ್ ಅದರ ಶೇ 14, ಅಂದರೆ 14. ಮುತ್ತು, ತೆರಿಗೆ ಬಿಟ್ಟು ಒಟ್ಟು 114. ನನ್ನ ಕ್ಯಾಪ್ಷನ್ ಓದಿದವರ ಮನಸ್ಸಿನಲ್ಲಿ ಇದರ ಕಾಲು ಭಾಗ, ಅಂದರೆ 28.5 ಕಡಿಮೆಯಾಗಿರುತ್ತದೆ. ನಿಜವಾಗಿ ಕಡಿಮೆಯಾಗುವುದು 14ರ ಕಾಲು ಭಾಗ, ಬರೀ 3.5. ಒಟ್ಟು ಮೊತ್ತದಲ್ಲಿ ಅದು ಸುಮಾರು ಶೇ 3. ಅಂದಕ್ಕಾಗಿ ನಾನು ತೆಗೆದ ಮೂರು ಪದಗಳಲ್ಲಿ ಇಷ್ಟು ದೊಡ್ಡ ಅಂತರ ಅಡಗಿತ್ತು.

ಕಾಮೆಂಟ್ ತೆರೆದರೆ ಇನ್ನೊಂದು ತಪ್ಪು ಕಂಡಿತು. "ಈ ಹಾರ ಇಷ್ಟು ಕಡಿಮೆಗೆ ಸಿಗುತ್ತಾ?" ಎಂದು ನಾಲ್ಕೈದು ಜನ ಕೇಳಿದ್ದರು. ಆರಂಭದ ಬೆಲೆ ಓಲೆಯದು, ಆದರೆ ರೀಲ್ ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಹಾರ. ಜನ ಅಂಕಿಯನ್ನು ಎದುರಿಗೆ ಕಾಣುತ್ತಿರುವ ಒಡವೆಗೇ ಜೋಡಿಸಿಕೊಳ್ಳುತ್ತಾರೆ. ಯಾವ ಒಡವೆಯ ಬೆಲೆ ಎಂದು ಹೆಸರು ಹಿಡಿದು ಹೇಳದಿದ್ದರೆ 'ಇಷ್ಟರಿಂದ ಆರಂಭ' ಎಂಬುದು ಹಾರದ ಬೆಲೆಯೇ ಆಗಿಬಿಡುತ್ತದೆ.

ಕ್ಯಾಪ್ಷನ್ ತಿದ್ದುವುದು ಎರಡು ನಿಮಿಷದ ಕೆಲಸ. ಆದರೆ ಹಾಕಿಬಿಟ್ಟ ರೀಲ್‌ನ ವಿಡಿಯೊವನ್ನು ಬದಲಿಸಲು ಇನ್‌ಸ್ಟಾಗ್ರಾಮ್ ಬಿಡುವುದಿಲ್ಲ. ಶೇ 25 ವಿಡಿಯೊದೊಳಗೇ ಕೂತಿತ್ತು. ಅಳಿಸಿ ಹೊಸದಾಗಿ ಹಾಕಿದರೆ ಅಷ್ಟೂ ಲೈಕು, ಕಾಮೆಂಟು, ಶೇರು ಹೋಗುತ್ತವೆ. ಯಜಮಾನಿ ಒಂದು ಕ್ಷಣ ಸುಮ್ಮನಿದ್ದು, "ಅಳಿಸಿ. ಆ ಹೆಂಗಸಿನ ಹಾಗೆ ಇನ್ನೊಬ್ಬರು ಬರುವುದು ಬೇಡ" ಅಂದರು. ಅವರ ಮೇಲೆ ನನಗಿದ್ದ ಗೌರವ ಅಂದು ಇಮ್ಮಡಿಯಾಯಿತು. ಅಂದಿನಿಂದ ಬೆಲೆಯನ್ನಾಗಲಿ ಆಫರನ್ನಾಗಲಿ ನಾನು ವಿಡಿಯೊದ ಮೇಲೆ ಬರೆಸುವುದಿಲ್ಲ. ಬದಲಾಗುವಂಥದ್ದು ಬದಲಿಸಬಹುದಾದ ಜಾಗದಲ್ಲೇ ಇರಬೇಕು.

ರಾತ್ರಿ ಮತ್ತೆ ಬರೆಯಲು ಕೂತೆ. ಮೊದಲ ಸಾಲನ್ನು ಒಡವೆಗೇ ಬಿಟ್ಟೆ, ಏಕೆಂದರೆ ರೀಲ್‌ನ ಕೆಳಗೆ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ, ಉಳಿದದ್ದು ಒತ್ತಿದ ಮೇಲೆಯೇ ತೆರೆಯುವುದು. ಒತ್ತಿ ತೆರೆಯುವವರಿಗೆ ಆಗಲೇ ಕುತೂಹಲ ಹುಟ್ಟಿರುತ್ತದೆ, ಬೆಲೆ ಹುಡುಕಿಯೇ ಬಂದಿರುತ್ತಾರೆ. ಅವರಿಗೆ ಎರಡನೆಯ ಸಾಲಿನಲ್ಲಿ ಇನ್ನಷ್ಟು ಬೆಳದಿಂಗಳು ಕೊಟ್ಟರೆ ಬೇಸರವಾಗುತ್ತದೆ.

ಅಲ್ಲಿ ಏನಿಡಬೇಕು ಎಂಬುದೇ ಕಷ್ಟವಾಗಿತ್ತು. ಚಿನ್ನದ ದರ ದಿನದಿನಕ್ಕೆ ಏರಿಳಿಯುತ್ತದೆ, ರೀಲ್ ಮಾತ್ರ ವಾರಗಟ್ಟಲೆ ಓಡಾಡುತ್ತದೆ. ಇಂದು ಬರೆದ ಬೆಲೆ ಮುಂದಿನ ವಾರ ಸುಳ್ಳಾಗಬಹುದು. ಬದಲಾಗದೆ ಉಳಿಯುವುದು ತೂಕ. ಗ್ರಾಂ ಗೊತ್ತಾದರೆ ಖರ್ಚು ಎಷ್ಟಾದೀತೆಂದು ಕೊಳ್ಳುವವರು ತಾವೇ ಅಂದಾಜು ಮಾಡುತ್ತಾರೆ. ಆದರೆ ಅದು ಚಿನ್ನದ ತೂಕವೇ ಆಗಿರಬೇಕು, ಮುತ್ತು ಸೇರಿಸಿದ ಒಟ್ಟು ತೂಕವಲ್ಲ. ಯಜಮಾನಿ ಮೊದಲು ಕಳಿಸಿದ್ದು ಒಟ್ಟು ತೂಕ. ಆ ಓಲೆ ಒಟ್ಟು 5 ಗ್ರಾಂ, ಅದರಲ್ಲಿ ಚಿನ್ನ 4. ಆ ಒಂದು ಗ್ರಾಂ ಕೂಡ ಓದುವವರ ಅಂದಾಜನ್ನು ಕೆಡಿಸುತ್ತಿತ್ತು. ಒಂಬತ್ತೂ ಒಡವೆಯ ಚಿನ್ನದ ತೂಕವನ್ನು ಬೇರೆಯಾಗಿ ಕೇಳಿ ತರಿಸಿಕೊಂಡೆ.

ಮೇಕಿಂಗ್ ಚಾರ್ಜ್ ಎಂಬ ಪದ ಆಗಲೂ ಕಣ್ಣಿಗೆ ಚುಚ್ಚುತ್ತಿತ್ತು. ತೂಕ ಹೇಳುತ್ತ ಹೇಳುತ್ತ ಯಜಮಾನಿ "ಮಜೂರಿ ಇದಕ್ಕೆ ಜಾಸ್ತಿ" ಅಂದರು. ಮಜೂರಿ! ಮನೆಯಲ್ಲಿ ಹಿರಿಯರು ಆಡುತ್ತಿದ್ದ ಮಾತು, ಕೈಕೆಲಸಕ್ಕೆ ಕೊಡುವ ಕೂಲಿ. ಅದರಲ್ಲಿ ಬಿಲ್ಲಿನ ಸದ್ದಿಲ್ಲ, ಒಡವೆ ಮಾಡಿದ ಕೈಯ ನೆನಪಿದೆ. ಆದರೂ ಈಗಿನ ಹುಡುಗಿಯರಿಗೆ ಅದು ತಿಳಿಯದೆ ಹೋಗಬಹುದು ಎಂದು ಎರಡನ್ನೂ ಇಟ್ಟೆ. ಭಾನುವಾರವನ್ನು ತೆಗೆದು ತಾರೀಕು ಹಾಕಿದೆ. ಹತ್ತು ದಿನದ ನಂತರ ನೋಡಿದವರಿಗೆ ಅದು ಯಾವ ಭಾನುವಾರ?

"ಮುತ್ತು ಮೊದಲು, ಚಿನ್ನ ಅದರ ಸುತ್ತ.
ಒಂಬತ್ತು ಒಡವೆ, 22 ಕ್ಯಾರೆಟ್. ಪುಟ್ಟ ಓಲೆಯಲ್ಲಿ ಚಿನ್ನ 4 ಗ್ರಾಂ, ಮೊದಲು ಕಾಣುವ ಹಾರದಲ್ಲಿ 32 ಗ್ರಾಂ.
ಮಾರ್ಚ್ 20ರವರೆಗೆ ಮಜೂರಿಯಲ್ಲಿ, ಅಂದರೆ ಮೇಕಿಂಗ್ ಚಾರ್ಜ್‌ನಲ್ಲಿ, ಶೇ 25 ಕಡಿಮೆ. ಚಿನ್ನಕ್ಕೆ ಆ ದಿನದ ದರ, ಮುತ್ತಿನ ಬೆಲೆ ಬೇರೆ.
ಓಲೆಯ ಇಂದಿನ ಬೆಲೆ ಮೊದಲ ಕಾಮೆಂಟ್‌ನಲ್ಲಿದೆ."

ಉದ್ಗಾರವಿಲ್ಲ, ಬೆಂಕಿಯ ಎಮೋಜಿ ಇಲ್ಲ, ಎಲ್ಲವೂ ಒಂದೇ ದನಿಯಲ್ಲಿ. ಆಫರಿನ ಸಾಲು ಕಿರುಚದೆ ಇದ್ದುದರಿಂದಲೇ ಅದು ಮುತ್ತಿನ ಸಾಲಿನ ಪಕ್ಕದಲ್ಲಿ ಹೊಂದಿಕೊಂಡು ಕೂತಿತು. ಅಂದ ಕೆಡಿಸುತ್ತಿದ್ದುದು ಬೆಲೆಯಲ್ಲ, ಬೆಲೆ ಹೇಳುವ ಗದ್ದಲ. ನಾನು ಗದ್ದಲಕ್ಕೆ ಹೆದರಿ ಬೆಲೆಯ ಷರತ್ತನ್ನೇ ಕಿತ್ತಿದ್ದೆ.

ದಿನದ ಬೆಲೆಯನ್ನು ತಾರೀಕಿನೊಡನೆ ಕಾಮೆಂಟಾಗಿ ಹಾಕಿ ಪಿನ್ ಮಾಡುತ್ತೇವೆ. ಬೆಳಿಗ್ಗೆ ದರ ಬಂದ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಹಾಕುವುದು ಯಜಮಾನಿಯ ತಂಗಿಯ ಕೆಲಸ. ಮಾರ್ಚ್ 21ರ ಬೆಳಿಗ್ಗೆ ಆಫರಿನ ಸಾಲನ್ನು ಕ್ಯಾಪ್ಷನ್‌ನಿಂದ ತೆಗೆದೆ. ಉಳಿದ ಸಾಲುಗಳನ್ನು ಮುಟ್ಟಬೇಕಾಗಲಿಲ್ಲ.

ಹೊಸ ರೀಲ್ ಹಾಕಿದ ಮೂರನೆಯ ದಿನ ಬಂದ ಮೊದಲ ಮೆಸೇಜಿನಲ್ಲಿ ಬೆಲೆ ಎಷ್ಟು ಎಂಬ ಪ್ರಶ್ನೆ ಇರಲಿಲ್ಲ. "ನಾಲ್ಕು ಗ್ರಾಮಿನ ಓಲೆ ಇನ್ನೂ ಇದೆಯಾ?" ಎಂದಿತ್ತು.